ರಾತ್ರಿ ಪಾಳಿಯಿಂದ ಬೆಳಗಿನ ಪಾಳಿಗೆ: ಅತಿಥಿಗಳ ಬಾಕಿ ವಿಷಯಗಳನ್ನು ಬರೆದುಕೊಡುವ ಕ್ರಮ

ಬೆಳಿಗ್ಗೆ ಏಳು ಗಂಟೆಗೆ ಪಾಳಿ ಬದಲಾಗಿ ಹತ್ತು ನಿಮಿಷ ಕಳೆಯುವುದರೊಳಗೆ ಒಬ್ಬ ಅತಿಥಿ ಹೋಟೆಲಿನ ರಿಸೆಪ್ಷನ್ ಕೌಂಟರಿಗೆ ಬಂದು, "ರಾತ್ರಿ ಇದ್ದವರಿಗೆ ಎಲ್ಲವನ್ನೂ ಹೇಳಿದ್ದೇನೆ, ಏನಾಯಿತು?" ಎಂದು ಕೇಳುತ್ತಾರೆ. ಕೌಂಟರಿನಲ್ಲಿ ನಿಂತವರು ಲಾಗ್ ಬುಕ್ ತೆರೆದರೆ ಅಲ್ಲಿ "412 ಎ.ಸಿ. ದೂರು, ನೋಡಲಾಗಿದೆ, ದಯವಿಟ್ಟು ಗಮನಿಸಿ" ಎಂಬ ಒಂದೇ ಸಾಲು ಇರುತ್ತದೆ. ಯಾರು ನೋಡಿದರು, ಏನು ಕಂಡಿತು, ಅತಿಥಿಗೆ ಏನು ಹೇಳಲಾಯಿತು, ಈಗ ಗಮನಿಸಬೇಕಾದುದು ಏನು, ಇವುಗಳಲ್ಲಿ ಒಂದಕ್ಕೂ ಆ ಸಾಲಿನಲ್ಲಿ ಉತ್ತರವಿಲ್ಲ. ಹಾಗಾಗಿ ಅತಿಥಿ ರಾತ್ರಿ ಹೇಳಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಎ.ಸಿ. ಕೆಟ್ಟದ್ದಕ್ಕಿಂತ ಹೆಚ್ಚು ಸಿಟ್ಟು ಅವರಿಗೆ ಬರುವುದು ಇಲ್ಲಿಯೇ.

ರಾತ್ರಿಯ ಲಾಗ್ ಬುಕ್ಕಿನಲ್ಲಿ ಎಷ್ಟೋ ವಿಷಯಗಳಿರುತ್ತವೆ. ಈ ಲೇಖನ ಅವುಗಳಲ್ಲಿ ಒಂದನ್ನು ಮಾತ್ರ ಕುರಿತದ್ದು: ರಾತ್ರಿ ಆರಂಭವಾಗಿ ಬೆಳಗಿನವರು ಮುಗಿಸಬೇಕಾದ ಅತಿಥಿಗಳ ವಿಷಯಗಳನ್ನು, ಅವರು ನಮ್ಮನ್ನು ಮತ್ತೆ ಫೋನಿನಲ್ಲಿ ಎಬ್ಬಿಸಿ ಕೇಳದೆ ಕೆಲಸ ಮಾಡುವಂತೆ ಬರೆದುಕೊಡುವುದು ಹೇಗೆ.

ಮೊದಲು: ನಡೆದಾಗಲೇ ಒಂದು ಸಾಲು

ಟಿಪ್ಪಣಿಯನ್ನು ಬೆಳಿಗ್ಗೆ ಆರೂವರೆಗೆ ನೆನಪಿನಿಂದ ಬರೆಯಲು ಕೂರಬೇಡಿ. ಆ ಹೊತ್ತಿಗೆ ಬೇಗ ಹೊರಡುವವರ ಬಿಲ್ಲು, ವೇಕ್-ಅಪ್ ಕಾಲ್, ಟ್ಯಾಕ್ಸಿ ಎಲ್ಲವೂ ಒಟ್ಟಿಗೆ ಬಂದಿರುತ್ತವೆ. ಎಂಟು ಗಂಟೆಗಳ ಎಚ್ಚರದ ನಂತರ ಯಾರಿಗೂ ಒಂದು ಗಂಟೆ ನಲವತ್ತು ನಿಮಿಷಕ್ಕೂ ಎರಡು ಗಂಟೆ ಹತ್ತು ನಿಮಿಷಕ್ಕೂ ವ್ಯತ್ಯಾಸ ಸರಿಯಾಗಿ ನೆನಪಿರುವುದಿಲ್ಲ. ಕರೆ ಬಂದ ಕೂಡಲೇ ಸಮಯ, ಕೊಠಡಿ ಸಂಖ್ಯೆ, ಅತಿಥಿಯ ಹೆಸರು, ಅವರು ಹೇಳಿದ ಮಾತು ಇಷ್ಟನ್ನು ಕರಡಾಗಿ ಬರೆದಿಡಿ. ಕೊಠಡಿ ಸಂಖ್ಯೆಯೊಂದೇ ಸಾಲದು, ಏಕೆಂದರೆ ಕೊಠಡಿ ಬದಲಾದ ಮೇಲೆ ಅದೇ ಸಂಖ್ಯೆಯಲ್ಲಿ ಬೇರೆಯವರಿರುತ್ತಾರೆ. ಹೆಸರೊಂದೇ ಸಾಲದು, ಏಕೆಂದರೆ ಒಂದೇ ಹೆಸರಿನ ಇಬ್ಬರು ಒಂದೇ ರಾತ್ರಿ ಇಳಿದುಕೊಳ್ಳುವುದು ಅಪರೂಪವೇನಲ್ಲ.

ಅತಿಥಿಯ ಮಾತನ್ನು ಸಾಧ್ಯವಾದಷ್ಟು ಅವರದೇ ಶಬ್ದಗಳಲ್ಲಿ ಬರೆಯಿರಿ. "ಅತಿಥಿ ತುಂಬ ಕೋಪಿಷ್ಠರು" ಎಂಬುದು ನಿಮ್ಮ ತೀರ್ಪು. ಅದನ್ನು ಓದಿದ ಬೆಳಗಿನವರು ಅತಿಥಿ ಬರುವ ಮೊದಲೇ ಮುಖ ಬಿಗಿದುಕೊಂಡಿರುತ್ತಾರೆ. "ಎರಡನೇ ಸಲ ಕರೆ ಮಾಡಬೇಕಾಯಿತು ಎಂದು ಹೇಳಿದರು" ಎಂದು ಬರೆದರೆ ಕೋಪದ ಕಾರಣವೂ ತಿಳಿಯುತ್ತದೆ, ಕ್ಷಮೆ ಕೇಳಬೇಕಾದುದು ಯಾವುದಕ್ಕೆ ಎಂಬುದೂ ತಿಳಿಯುತ್ತದೆ.

ಯಾವುದು ಬಾಕಿ, ಯಾವುದು ಅಲ್ಲ

ದಿನದ ಲೆಕ್ಕ ಮುಚ್ಚುವ ನೈಟ್ ಆಡಿಟ್ ಮುಗಿದು ಸ್ವಲ್ಪ ಬಿಡುವು ಸಿಕ್ಕಾಗ, ಸಾಮಾನ್ಯವಾಗಿ ನಾಲ್ಕು ಐದು ಗಂಟೆಯ ನಡುವೆ, ಕರಡಿನ ಸಾಲುಗಳನ್ನು ಒಂದೊಂದಾಗಿ ತೆಗೆದುಕೊಂಡು ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾವು ಈ ಅತಿಥಿಗೆ ಇನ್ನೂ ಏನನ್ನಾದರೂ ಕೊಡಬೇಕಿದೆಯೇ? ಅದು ಒಂದು ಕೆಲಸವಾಗಿರಬಹುದು, ಒಂದು ವಸ್ತುವಾಗಿರಬಹುದು ಅಥವಾ ಬರೀ ಒಂದು ಉತ್ತರವಾಗಿರಬಹುದು. ಹೆಚ್ಚಿನ ತಪ್ಪುಗಳು ಆಗುವುದು ಈ ಮೂರನೆಯದರಲ್ಲಿ. ಬಿಸಿನೀರು ಬರುತ್ತಿಲ್ಲ ಎಂದು ಹನ್ನೊಂದೂವರೆಗೆ ಹೇಳಿದ ಅತಿಥಿ ಮಲಗಿದ ಮೇಲೆ ವಾಲ್ವ್ ಸರಿಪಡಿಸಲಾಯಿತೆಂದರೆ ಮೇಂಟೆನೆನ್ಸ್‌ನವರ ಲೆಕ್ಕದಲ್ಲಿ ಕೆಲಸ ಮುಗಿಯಿತು, ಆದರೆ ಅತಿಥಿಗೆ ಅದು ಗೊತ್ತಿಲ್ಲ. ಅವರು ಬೆಳಿಗ್ಗೆ ನಲ್ಲಿಯನ್ನು ತಿರುಗಿಸದೆಯೇ ಸ್ನಾನವಿಲ್ಲದೆ ಹೊರಟುಹೋಗಬಹುದು. ಆದ್ದರಿಂದ ಅದು ಬಾಕಿಯೇ. ಯಾರಿಗೂ ಏನೂ ಕೊಡಬೇಕಿಲ್ಲದ ಘಟನೆಗಳನ್ನು, ಉದಾಹರಣೆಗೆ ಎರಡು ಗಂಟೆಗೆ ಗಲಾಟೆಯ ದೂರು ಬಂದು ಪಕ್ಕದ ಕೊಠಡಿಯವರು ಸುಮ್ಮನಾದದ್ದನ್ನು, ಬೇರೆ ಕಡೆ ಮಾಹಿತಿಗಾಗಿ ಬರೆದರೆ ಸಾಕು. ಎರಡನ್ನೂ ಬೆರೆಸಿದರೆ ಹದಿನಾಲ್ಕು ಸಾಲುಗಳ ನಡುವೆ ನಿಜವಾದ ಮೂರು ಬಾಕಿಗಳು ಮುಳುಗಿಹೋಗುತ್ತವೆ.

ಪ್ರತಿ ಬಾಕಿಗೂ ನಾಲ್ಕು ಮಾತು

ಏನಾಯಿತು, ಏನು ಮಾಡಿದೆವು, ಅತಿಥಿಗೆ ಏನು ಹೇಳಿದೆವು, ಮುಂದೆ ಯಾರು ಎಷ್ಟು ಗಂಟೆಯೊಳಗೆ ಏನು ಮಾಡಬೇಕು. ಪ್ರತಿ ಬಾಕಿಯನ್ನೂ ಈ ಕ್ರಮದಲ್ಲಿ ಬರೆಯಿರಿ. ಮೊದಲ ಎರಡನ್ನು ಬಹುತೇಕ ಎಲ್ಲರೂ ಬರೆಯುತ್ತಾರೆ. ನಾಲ್ಕನೆಯದನ್ನು ಅರ್ಧಂಬರ್ಧ ಬರೆಯುತ್ತಾರೆ. ಮೂರನೆಯದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ, ನನ್ನ ಅನುಭವದಲ್ಲಿ ಟಿಪ್ಪಣಿ ಸೋಲುವುದು ಅಲ್ಲಿಯೇ.

ಅತಿಥಿಗೆ ಹೇಳಿದ ಮಾತಿನಲ್ಲಿ ಮೂರು ಬಗೆಗಳಿವೆ. "ಹತ್ತು ಗಂಟೆಯೊಳಗೆ ಬೇರೆ ಕೊಠಡಿ ಕೊಡುತ್ತೇವೆ" ಎಂಬುದು ಒಪ್ಪಿಕೊಂಡ ಮಾತು. "ರಾತ್ರಿಯ ಬಾಡಿಗೆಯಲ್ಲಿ ರಿಯಾಯಿತಿ ಬಗ್ಗೆ ಮ್ಯಾನೇಜರ್ ಜೊತೆ ಮಾತನಾಡುತ್ತೇವೆ" ಎಂಬುದು ಕೇಳಿ ತಿಳಿಸುವ ಮಾತು ಮಾತ್ರ. "ಅದು ನಮ್ಮಿಂದ ಆಗುವುದಿಲ್ಲ" ಎಂದದ್ದು ನಿರಾಕರಿಸಿದ ಮಾತು. ಇವು ಮೂರೂ ಟಿಪ್ಪಣಿಯಲ್ಲಿ "ಅತಿಥಿಗೆ ತಿಳಿಸಲಾಗಿದೆ" ಎಂಬ ಒಂದೇ ಪದಗುಚ್ಛವಾಗಿ ಕಾಣಿಸಿಕೊಂಡರೆ, ಬೆಳಗಿನವರು ಒಪ್ಪದ ರಿಯಾಯಿತಿಯನ್ನು ಕೊಟ್ಟುಬಿಡಬಹುದು ಅಥವಾ ಒಪ್ಪಿದ ಕೊಠಡಿಯನ್ನು ಇನ್ನೊಬ್ಬರಿಗೆ ಕೊಟ್ಟುಬಿಡಬಹುದು. ನಿರಾಕರಿಸಿದ್ದನ್ನೂ ಬರೆಯಲು ಮರೆಯಬೇಡಿ. ಪಾಳಿ ಬದಲಾದ ಮೇಲೆ ಅದೇ ಕೋರಿಕೆಯನ್ನು ಹೊಸಬರ ಮುಂದೆ ಇಡುವ ಹಕ್ಕು ಅತಿಥಿಗೆ ಇದ್ದೇ ಇದೆ, ಆದರೆ ಉತ್ತರಿಸುವವರಿಗೆ ಹಿಂದಿನ ಉತ್ತರ ಗೊತ್ತಿರಬೇಕು.

ಒಂದು ರಾತ್ರಿ, ಒಂದು ಕೊಠಡಿ

412ನೇ ಕೊಠಡಿಯನ್ನೇ ತೆಗೆದುಕೊಳ್ಳೋಣ. ರಾತ್ರಿ 1:40ಕ್ಕೆ ಅತಿಥಿ ಕರೆ ಮಾಡಿ, ಎ.ಸಿ.ಯಿಂದ ನೀರು ತೊಟ್ಟಿಕ್ಕಿ ಹಾಸಿಗೆಯ ಒಂದು ಬದಿಯೂ ಕುರ್ಚಿಯ ಮೇಲಿದ್ದ ಕೋಟೂ ಒದ್ದೆಯಾಗಿವೆ ಎಂದು ಹೇಳಿದರು. ಮೇಂಟೆನೆನ್ಸ್‌ನವರು 1:55ಕ್ಕೆ ಹೋಗಿ ನೋಡಿದಾಗ, ಎ.ಸಿ.ಯೊಳಗೆ ಸಂಗ್ರಹವಾಗುವ ನೀರು ಹೊರಹೋಗುವ ಡ್ರೈನ್ ಪೈಪಿನಲ್ಲಿ ಪಾಚಿ ಮತ್ತು ಧೂಳು ಕಟ್ಟಿಕೊಂಡು, ಕೆಳಗಿನ ತಟ್ಟೆ ತುಂಬಿ ಹರಿಯುತ್ತಿತ್ತು. ಪೈಪನ್ನು ಬಿಚ್ಚಿ ಸ್ವಚ್ಛಗೊಳಿಸುವುದು ಆ ಹೊತ್ತಿನಲ್ಲಿ ಆಗುವ ಕೆಲಸವಲ್ಲ. ಹೋಟೆಲಿನಲ್ಲಿ ಒಂದೂ ಖಾಲಿ ಕೊಠಡಿ ಇರಲಿಲ್ಲ. ಎ.ಸಿ. ಆಫ್ ಮಾಡಿ, ಹಾಸಿಗೆಯನ್ನು ಗೋಡೆಯಿಂದ ಸರಿಸಿ, ಬೆಡ್‌ಶೀಟ್ ಬದಲಿಸಿ, ಸ್ಟ್ಯಾಂಡ್ ಫ್ಯಾನ್ ಕೊಡಲಾಯಿತು. ಅತಿಥಿಗೆ ಬೆಳಿಗ್ಗೆ ಎಂಟೂವರೆಗೆ ಸಭೆ; ಎಂಟಕ್ಕೆ ಹೊರಡಬೇಕು; ಕೋಟು ಅಷ್ಟರೊಳಗೆ ಬೇಕು. ಇನ್ನೂ ಎರಡು ರಾತ್ರಿ ಅವರು ಉಳಿಯುವವರಿದ್ದಾರೆ.

ಇದನ್ನು ನಾನು ಹೀಗೆ ಬರೆಯುತ್ತೇನೆ. ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ. ನಿಜವಾದ ಟಿಪ್ಪಣಿಯಲ್ಲಿ ಅದು ಕೊಠಡಿ ಸಂಖ್ಯೆಯ ಪಕ್ಕದಲ್ಲೇ ಇರಬೇಕು.

> 412. ಮೊದಲ ಗಡುವು 7:45.
> ಏನಾಯಿತು: 1:40ಕ್ಕೆ ಕರೆ. ಎ.ಸಿ. ಡ್ರೈನ್ ಪೈಪ್ ಕಟ್ಟಿಕೊಂಡು ನೀರು ಸೋರಿದೆ. ಹಾಸಿಗೆ ಮತ್ತು ಕೋಟು ಒದ್ದೆ.
> ಮಾಡಿದ್ದು: ಎ.ಸಿ. ಆಫ್, ಹಾಸಿಗೆ ಸರಿಸಿದೆ, ಬೆಡ್‌ಶೀಟ್ ಬದಲು, ಸ್ಟ್ಯಾಂಡ್ ಫ್ಯಾನ್ ಕೊಟ್ಟಿದೆ. ಪೈಪ್ ಸ್ವಚ್ಛ ಮಾಡಿಲ್ಲ. ಕೋಟು 2:20ಕ್ಕೆ ಹೌಸ್‌ಕೀಪಿಂಗ್‌ನವರ ಕೈಗೆ ಕೊಟ್ಟಿದೆ.
> ಅತಿಥಿಗೆ ಒಪ್ಪಿಕೊಂಡದ್ದು: ಕೋಟು ಒಣಗಿಸಿ ಇಸ್ತ್ರಿ ಮಾಡಿ 7:45ಕ್ಕೆ ಕೊಠಡಿಗೆ, ಉಚಿತ. ಇಂದು ಬೇರೆ ಕೊಠಡಿ.
> ಒಪ್ಪಿಕೊಳ್ಳದೆ ಇರುವುದು: ರಾತ್ರಿಯ ಬಾಡಿಗೆಯಲ್ಲಿ ರಿಯಾಯಿತಿ ಕೇಳಿದ್ದಾರೆ. ಡ್ಯೂಟಿ ಮ್ಯಾನೇಜರ್ ಅವರನ್ನು ಕೇಳಿ ಸಂಜೆಯೊಳಗೆ ತಿಳಿಸುತ್ತೇವೆ ಎಂದಷ್ಟೇ ಹೇಳಿದೆ.
> ಮುಂದೆ: (1) 7:30ಕ್ಕೆ ರಿಸೆಪ್ಷನ್‌ನವರು ಕೋಟು ಸಿದ್ಧವಿದೆಯೇ ಎಂದು ಹೌಸ್‌ಕೀಪಿಂಗ್‌ಗೆ ಕೇಳಬೇಕು. (2) 508 ಇಂದು ಖಾಲಿಯಾಗುತ್ತದೆ. ಈ ಅತಿಥಿಗಾಗಿ ಬ್ಲಾಕ್ ಮಾಡಿದೆ, ಬಿಡಿಸಬೇಡಿ. (3) 8:00ಕ್ಕೆ ಅವರು ಹೊರಡುವಾಗ, ತಾವಿಲ್ಲದಾಗ ಸಾಮಾನು ಸಾಗಿಸಬಹುದೇ ಎಂದು ಕೇಳಿ ಒಪ್ಪಿಗೆ ಬರೆಸಿಕೊಳ್ಳಬೇಕು. ರಾತ್ರಿ ಕೇಳಿಲ್ಲ. (4) ಅವರು ಸ್ಥಳಾಂತರವಾದ ಕೂಡಲೇ 412 ಔಟ್ ಆಫ್ ಆರ್ಡರ್ ಮಾಡಿ ಮೇಂಟೆನೆನ್ಸ್‌ಗೆ ಕೊಡಬೇಕು. ಎ.ಸಿ. ಆಫ್ ಇರುವುದರಿಂದ ಈಗ ಸೋರುತ್ತಿಲ್ಲ. ಒಣಗಿದೆಯೆಂದು ಸರಿಯಾಗಿದೆ ಎಂದು ತಿಳಿಯಬೇಡಿ.

ಈ ಟಿಪ್ಪಣಿಯ ಕೊನೆಯ ವಾಕ್ಯದ ಬಗ್ಗೆ ಸ್ವಲ್ಪ ಹೇಳಬೇಕು. ಎ.ಸಿ. ಆಫ್ ಆದರೆ ಹೊಸ ನೀರು ಸೇರುವುದಿಲ್ಲ, ತಟ್ಟೆಯಲ್ಲಿದ್ದದ್ದು ತೊಟ್ಟಿಕ್ಕಿ ನಿಲ್ಲುತ್ತದೆ. ಬೆಳಿಗ್ಗೆ ಹೌಸ್‌ಕೀಪಿಂಗ್‌ನವರು ಹೋದಾಗ ಗೋಡೆ ಒಣಗಿರುತ್ತದೆ, ನೆಲ ಒಣಗಿರುತ್ತದೆ, "ಸೋರಿಕೆ ಇಲ್ಲ" ಎಂದು ಕೊಠಡಿ ತಯಾರಿದೆಯೆಂದು ಗುರುತು ಬೀಳುತ್ತದೆ, ಅದೇ ಸಂಜೆ ಇನ್ನೊಬ್ಬರು ಅದೇ ತೊಟ್ಟಿಕ್ಕುವಿಕೆಯ ಕೆಳಗೆ ಮಲಗುತ್ತಾರೆ. ರಾತ್ರಿ ಕಂಡವರಿಗೆ ಮಾತ್ರ ಗೊತ್ತಿರುವ ಇಂಥ ಸಂಗತಿ, ಅಂದರೆ ನೋಡಿದರೆ ಸರಿಯಿದೆ ಎನ್ನಿಸುವ ಆದರೆ ಸರಿಯಿಲ್ಲದ ಸ್ಥಿತಿ, ಟಿಪ್ಪಣಿಯಲ್ಲಿ ಬರಲೇಬೇಕು. ದುರಸ್ತಿಯಾಗಿದೆಯೆಂದು ತಿಳಿಯುವ ಬಗೆ, ಪೈಪ್ ಸ್ವಚ್ಛಗೊಳಿಸಿದ ಮೇಲೆ ತಟ್ಟೆಗೆ ನೀರು ಸುರಿದು ಅದು ಸರಾಗವಾಗಿ ಇಳಿಯುವುದನ್ನು ನೋಡುವುದು ಮತ್ತು ಎ.ಸಿ.ಯನ್ನು ಕೆಲವು ಗಂಟೆ ಓಡಿಸಿ ನೋಡುವುದು.

"ರಾತ್ರಿ ಕೇಳಿಲ್ಲ" ಎಂಬ ಎರಡು ಪದಗಳೂ ಅಷ್ಟೇ ಬೇಕಾದವು. ಮಾಡದೆ ಉಳಿದದ್ದನ್ನು ಬರೆಯಲು ಸಂಕೋಚವಾಗುತ್ತದೆ, ನಿಜ. ಆದರೆ ಅದನ್ನು ಬರೆಯದಿದ್ದರೆ ಬೆಳಗಿನವರು ಕೇಳಿರಬಹುದು ಎಂದುಕೊಂಡು ಅತಿಥಿ ಇಲ್ಲದಾಗ ಅವರ ಪೆಟ್ಟಿಗೆಯನ್ನು ಮುಟ್ಟುತ್ತಾರೆ.

ನಡೆದ ಹೊತ್ತಿನ ಕ್ರಮ ಬೇಡ, ಗಡುವಿನ ಕ್ರಮ ಬೇಕು

ಕರಡಿನಲ್ಲಿ ವಿಷಯಗಳು ನಡೆದ ಹೊತ್ತಿನ ಕ್ರಮದಲ್ಲಿರುತ್ತವೆ. ಅಂತಿಮ ಟಿಪ್ಪಣಿಯಲ್ಲಿ ಅವು ಮೊದಲು ಮಾಡಬೇಕಾದ ಹೊತ್ತಿನ ಕ್ರಮಕ್ಕೆ ಬರಬೇಕು. 5:50ಕ್ಕೆ ಬಂದ ಕೋರಿಕೆಯ ಗಡುವು 7:15 ಆಗಿದ್ದರೆ ಅದು ಮೇಲೆ, 11:30ಕ್ಕೆ ಬಂದ ದೂರಿನ ಗಡುವು ಮಧ್ಯಾಹ್ನವಾಗಿದ್ದರೆ ಅದು ಕೆಳಗೆ. 412ರ ವಿಷಯದಲ್ಲಿ ಮಾಡಿದಂತೆ, ಮೊದಲ ಗಡುವನ್ನು ಶೀರ್ಷಿಕೆಯಲ್ಲೇ ಬರೆದರೆ ಏಳು ಗಂಟೆಗೆ ನಿಂತವರ ಕಣ್ಣು ಮೊದಲು ಅದರ ಮೇಲೆ ಬೀಳುತ್ತದೆ. ಗಡುವೇ ಇಲ್ಲದ ಬಾಕಿ ಎಂದರೆ ಯಾರೂ ಮಾಡದ ಬಾಕಿ. ಅತಿಥಿ ಹೊತ್ತು ಹೇಳಿರದಿದ್ದರೆ ನೀವೇ ಒಂದು ಹೊತ್ತು ಹಾಕಿ. ಅದೇ ರೀತಿ "ಮೇಂಟೆನೆನ್ಸ್ ನೋಡಿಕೊಳ್ಳಬೇಕು" ಎಂಬಲ್ಲಿ, ಅವರಿಗೆ ಈ ವಿಷಯವನ್ನು ನೀವು ಆಗಲೇ ತಿಳಿಸಿದ್ದೀರೋ ಬೆಳಗಿನವರು ತಿಳಿಸಬೇಕೋ ಎಂಬುದು ಸ್ಪಷ್ಟವಿರಲಿ. ಇಲ್ಲವಾದರೆ ರಾತ್ರಿಯವರು ಹೇಳಿದ್ದಾರೆಂದು ಬೆಳಗಿನವರೂ, ಬೆಳಗಿನವರು ಹೇಳುತ್ತಾರೆಂದು ರಾತ್ರಿಯವರೂ ಸುಮ್ಮನಿರುತ್ತಾರೆ.

"ನಾಳೆ" ಎಂಬ ಪದ

ರಾತ್ರಿ ಪಾಳಿ ಎರಡು ತಾರೀಖುಗಳ ಮೇಲೆ ಕಾಲಿಟ್ಟು ನಿಂತಿರುತ್ತದೆ. ಇದರಿಂದ ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಹದಿಮೂರನೆಯ ತಾರೀಖು ಮುಗಿದು ರಾತ್ರಿ 12:40 ಆಗಿತ್ತು. ಚಿಕ್ಕ ಮಗುವಿನೊಂದಿಗೆ ಬಂದಿದ್ದ ಒಬ್ಬ ಅತಿಥಿ ಕೌಂಟರಿಗೆ ಬಂದು, "ನಾಳೆ ಮಧ್ಯಾಹ್ನ ಎರಡರವರೆಗೆ ಕೊಠಡಿ ಬೇಕು" ಎಂದರು. ಇನ್ನೂ ಮಲಗಿರದವರಿಗೆ ನಿದ್ದೆಯ ಆಚೆಯದೆಲ್ಲ ನಾಳೆಯೇ. ನಾನು ಒಪ್ಪಿದೆ, "ನಾಳೆ 2ರವರೆಗೆ ಲೇಟ್ ಚೆಕ್‌ಔಟ್, ಒಪ್ಪಲಾಗಿದೆ" ಎಂದು ಅವರ ಮಾತನ್ನೇ ಬರೆದೆ. ಹದಿನಾಲ್ಕರ ಬೆಳಿಗ್ಗೆ ಏಳಕ್ಕೆ ಅದನ್ನು ಓದಿದ ಸಹೋದ್ಯೋಗಿಗೆ ನಾಳೆ ಎಂದರೆ ಹದಿನೈದು. ಹನ್ನೆರಡಕ್ಕೆ ಅತಿಥಿಯ ಕೀ ಕಾರ್ಡ್ ಅವಧಿ ಮುಗಿದು ಕೆಲಸ ಮಾಡುವುದನ್ನು ನಿಲ್ಲಿಸಿತು; ಮಗುವಿಗೆ ಹಾಲು ತರಲು ಕೆಳಗೆ ಇಳಿದಿದ್ದ ಅವರು ಮುಚ್ಚಿದ ಬಾಗಿಲಿನ ಮುಂದೆ ನಿಂತರು, ಒಳಗೆ ಮಗುವಿನ ಜೊತೆಗಿದ್ದ ಅಜ್ಜಿಯನ್ನು ಹೌಸ್‌ಕೀಪಿಂಗ್‌ನವರು ಆಗಲೇ ಎರಡು ಸಲ ಬಾಗಿಲು ತಟ್ಟಿ ಕೇಳಿದ್ದರು. ಕಾರ್ಡ್‌ನ ಅವಧಿಯನ್ನು ಆಗಲೇ ಹೆಚ್ಚಿಸಿದ್ದರೂ ಅರ್ಧ ತೊಂದರೆ ತಪ್ಪುತ್ತಿತ್ತು, ಅದನ್ನೂ ನಾನು ಮಾಡಿರಲಿಲ್ಲ.

ಅಂದಿನಿಂದ ನನ್ನ ಟಿಪ್ಪಣಿಯಲ್ಲಿ "ಇಂದು", "ನಾಳೆ", "ನಿನ್ನೆ ರಾತ್ರಿ" ಎಂಬ ಪದಗಳಿಗೆ ಬದಲಾಗಿ ತಾರೀಖು ಮತ್ತು ವಾರ ಇರುತ್ತವೆ. ಮೇಲಿನ 412ರ ಮಾದರಿಯಲ್ಲಿ "ಇಂದು" ಎಂದು ಬರೆದ ಕಡೆಗಳಲ್ಲೂ ನಿಜವಾದ ಲಾಗ್ ಬುಕ್ಕಿನಲ್ಲಿ ಆ ದಿನದ ತಾರೀಖು ಬರಬೇಕು. ಹೊತ್ತನ್ನು ಇಪ್ಪತ್ನಾಲ್ಕು ಗಂಟೆಯ ಕ್ರಮದಲ್ಲಿ ಬರೆಯುವುದು ಇನ್ನೂ ಸುರಕ್ಷಿತ: 00:40, 14:00. ಅತಿಥಿಗೂ "ಅಂದರೆ ಹದಿನಾಲ್ಕು, ಗುರುವಾರ ಅಲ್ಲವೇ?" ಎಂದು ವಾರ ಹೇಳಿ ಕೇಳಿದರೆ ಗೊಂದಲ ಕೌಂಟರಿನಲ್ಲೇ ಮುಗಿಯುತ್ತದೆ. ಇನ್ನೊಂದು ಎಚ್ಚರ: ನೈಟ್ ಆಡಿಟ್ ಮುಗಿಯುವವರೆಗೂ ಕಂಪ್ಯೂಟರಿನಲ್ಲಿ ಹೋಟೆಲಿನ ವ್ಯವಹಾರದ ದಿನಾಂಕ ಹಿಂದಿನ ದಿನದ್ದೇ ಆಗಿರುತ್ತದೆ. ಗೋಡೆಯ ಕ್ಯಾಲೆಂಡರಿನ ತಾರೀಖನ್ನು ಬರೆಯಿರಿ, ಪರದೆಯ ಮೇಲಿನದನ್ನು ನೋಡಿ ಬರೆಯಬೇಡಿ.

ಬಿಲ್ಲಿನ ತಕರಾರು

ಇದೇ ಆಡಿಟ್ ಕಾರಣದಿಂದ ಬಿಲ್ಲಿನ ದೂರುಗಳಿಗೆ ಒಂದು ಮಾತು ಹೆಚ್ಚಾಗಿ ಬೇಕು. ಆಡಿಟ್ ಆಗುವಾಗ ಆ ರಾತ್ರಿಯ ಬಾಡಿಗೆ ಮತ್ತು ತೆರಿಗೆ ಬಿಲ್ಲಿಗೆ ಸೇರಿ ದಿನದ ಲೆಕ್ಕ ಮುಚ್ಚುತ್ತದೆ. ಅದಕ್ಕೆ ಮೊದಲು ತಪ್ಪಾಗಿ ಬಿದ್ದ ಮೊತ್ತವನ್ನು ಹಲವು ಸಾಫ್ಟ್‌ವೇರ್‌ಗಳಲ್ಲಿ ನೇರವಾಗಿ ರದ್ದು ಮಾಡಬಹುದು. ಮುಚ್ಚಿದ ಮೇಲೆ ಅದು ಹೊಂದಾಣಿಕೆಯ ನಮೂದಾಗಿ ಬರಬೇಕು, ಅದಕ್ಕೆ ಮೇಲಿನವರ ಒಪ್ಪಿಗೆ ಬೇಕಾಗುವುದು ವಾಡಿಕೆ. ಆದ್ದರಿಂದ "ಮಿನಿಬಾರ್ ಬಳಸಿಲ್ಲ ಎನ್ನುತ್ತಾರೆ" ಎಂಬುದರ ಜೊತೆಗೆ, ಆ ಮೊತ್ತ ಯಾವ ದಿನಾಂಕದ ಲೆಕ್ಕದಲ್ಲಿದೆ, ರದ್ದಾಗಿದೆಯೇ ಇಲ್ಲವೇ, ಒಪ್ಪಿಗೆ ಯಾರಿಂದ ಬರಬೇಕು ಎಂಬುದನ್ನು ಬರೆಯಿರಿ. ಬೆಳಿಗ್ಗೆ ಹೊರಡುವ ಅತಿಥಿಯಾದರೆ ಅವರು ಹೊರಡುವ ಹೊತ್ತೇ ಗಡುವು.

ಬರೆಯಬಾರದ್ದು

ಲಾಗ್ ಬುಕ್ ಹಲವರ ಕೈಗೆ ಬರುತ್ತದೆ, ಕೌಂಟರಿನ ಮೇಲೆ ತೆರೆದಿರುವುದೂ ಉಂಟು. ಕಾರ್ಡ್ ಸಂಖ್ಯೆ, ಗುರುತಿನ ದಾಖಲೆಯ ಸಂಖ್ಯೆ, ಅತಿಥಿಯ ಕಾಯಿಲೆಯ ವಿವರ, ಕೊಠಡಿಗೆ ಯಾರು ಬಂದುಹೋದರು ಎಂಬುದು ಇವು ಅದರಲ್ಲಿ ಬರಬಾರದು. ರಾತ್ರಿ ವೈದ್ಯರನ್ನು ಕರೆಸಿದ್ದರೆ, "305: ಡ್ಯೂಟಿ ಮ್ಯಾನೇಜರ್ ಅವರನ್ನು 7:00ಕ್ಕೆ ಭೇಟಿಯಾಗಿ, ಅತಿಥಿ ತಾವಾಗಿ ಕರೆಯುವವರೆಗೆ ಬಾಗಿಲು ತಟ್ಟಬೇಡಿ" ಎಂದಿದ್ದರೆ ಬೆಳಗಿನವರಿಗೆ ಬೇಕಾದುದು ಸಿಕ್ಕಂತೆಯೇ. ಉಳಿದ ವಿವರ ಘಟನಾ ವರದಿಯಲ್ಲಿ, ಅದನ್ನು ನೋಡಬೇಕಾದವರ ಬಳಿ ಇರಲಿ.

ಕೈಯಿಂದ ಕೈಗೆ

ಬರೆದಿಟ್ಟು ಹೋಗುವುದು ಅರ್ಧ ಕೆಲಸ. ಹದಿನೈದು ನಿಮಿಷ ಇಬ್ಬರೂ ಒಟ್ಟಿಗೆ ನಿಂತು, ಬರೆದವರು ಪ್ರತಿ ಬಾಕಿಯನ್ನು ಓದಬೇಕು, ತೆಗೆದುಕೊಳ್ಳುವವರು ಮುಂದಿನ ಕೆಲಸ ಮತ್ತು ಗಡುವನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. "ಸರಿ, ಗೊತ್ತಾಯಿತು" ಎಂಬುದು ತಿರುಗಿ ಹೇಳಿದಂತಾಗುವುದಿಲ್ಲ. "ಏಳೂವರೆಗೆ ಕೋಟಿಗಾಗಿ ಹೌಸ್‌ಕೀಪಿಂಗ್‌ಗೆ ಕರೆ, 508 ಬ್ಲಾಕ್ ಬಿಡಿಸಬಾರದು, ಎಂಟಕ್ಕೆ ಸಾಮಾನಿನ ಒಪ್ಪಿಗೆ" ಎಂದರೆ ತಿಳಿದಿದೆ ಎಂದರ್ಥ. ಓದಿದ ಕೂಡಲೇ ಪರದೆಯ ಮೇಲೆ ಹೊಂದಿಸಿ ನೋಡಿ: 508 ನಿಜಕ್ಕೂ ಬ್ಲಾಕ್ ಆಗಿದೆಯೇ, ಅಲ್ಲಿರುವ ಅತಿಥಿ ಹೊರಡುವ ದಿನವನ್ನು ಮುಂದೂಡಿಲ್ಲವೇ? ಹಾಗೆ ಮುಂದೂಡಿದ್ದರೆ ಬದಲಿ ಕೊಠಡಿಯ ಮಾತು ಅಲ್ಲೇ ಆಗಬೇಕು, ಏಕೆಂದರೆ ಅತಿಥಿಗೆ ಕೊಟ್ಟ ಮಾತು ಗೊತ್ತಿರುವವರು ಇನ್ನು ಹತ್ತು ನಿಮಿಷದಲ್ಲಿ ಮನೆಗೆ ಹೋಗುತ್ತಾರೆ.

ಎಂಟು ಗಂಟೆಗೆ ಅತಿಥಿ ಕೆಳಗೆ ಬಂದಾಗ ಬೆಳಗಿನವರೇ ಮೊದಲು ಮಾತನಾಡಲಿ: "ರಾತ್ರಿ ಎ.ಸಿ. ನೀರಿನಿಂದ ನಿಮಗೆ ನಿದ್ದೆ ಕೆಟ್ಟಿತು, ಕ್ಷಮಿಸಿ. ಕೋಟು ಸರಿಯಾಗಿ ಬಂತಲ್ಲವೇ? ನಿಮ್ಮ ಹೊಸ ಕೊಠಡಿ 508. ನೀವು ಬರುವುದರೊಳಗೆ ಸಾಮಾನನ್ನು ಅಲ್ಲಿಗೆ ಸಾಗಿಸಬಹುದೇ?"

ಒಂದೊಂದು ಕೆಲಸ ಮುಗಿದಂತೆ ಆ ಸಾಲಿನ ಪಕ್ಕದಲ್ಲಿ ಮುಗಿದ ಹೊತ್ತು ಮತ್ತು ಮಾಡಿದವರ ಸಹಿ ಬೀಳಬೇಕು, ಸಾಲನ್ನು ಅಳಿಸಬಾರದು. ಮೂರು ಗಂಟೆಗೆ ಬೆಳಗಿನ ಪಾಳಿ ಮುಗಿಯುವಾಗ 412ರಲ್ಲಿ ಉಳಿದಿರುವುದು ರಿಯಾಯಿತಿಯ ಉತ್ತರ ಮಾತ್ರವಾಗಿದ್ದರೆ, ಹಳೆಯ ಟಿಪ್ಪಣಿಯನ್ನು ತೋರಿಸಿ "ನೋಡಿಕೊಳ್ಳಿ" ಎನ್ನದೆ, ಅದನ್ನು ಹೊಸದಾಗಿ ಬರೆಯಿರಿ: ಅತಿಥಿ ಈಗ 508ರಲ್ಲಿದ್ದಾರೆ, ಉತ್ತರವನ್ನು ಸಂಜೆಯೊಳಗೆ ತಿಳಿಸುತ್ತೇವೆ ಎಂದು ರಾತ್ರಿ ಹೇಳಲಾಗಿದೆ, ಡ್ಯೂಟಿ ಮ್ಯಾನೇಜರ್ ಅವರನ್ನು 11:20ಕ್ಕೆ ಕೇಳಲಾಗಿದೆ, ಅವರ ಉತ್ತರವನ್ನು 17:00ರೊಳಗೆ ಪಡೆದು ಅತಿಥಿ ಹಿಂತಿರುಗಿದಾಗ ತಿಳಿಸಬೇಕು.